ಸಹಾಯ ಬೇಕು: 2.35 ಅನ್ನು ವಿಡಿಯೋದಲ್ಲಿ ಬಾಯಿಬಿಟ್ಟು ಹೇಗೆ ಓದಬೇಕು?

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದವನು, ಆರನೇ ಕ್ಲಾಸ್ ಮಕ್ಕಳಿಗೆ ದಶಮಾಂಶದ ವಿಡಿಯೋ ಪಾಠ ಬರೆಯುತ್ತಿದ್ದೇನೆ.

ಮೊದಲು 2.35 ಅನ್ನು "ಎರಡು ಪಾಯಿಂಟ್ ಮೂವತ್ತೈದು" ಎಂದು ಓದಿ ರೆಕಾರ್ಡ್ ಮಾಡಿದೆ. ಅದನ್ನು ನಾಲ್ಕು ಮಕ್ಕಳಿಗೆ ಕೇಳಿಸಿ, 2.35, 2.5 ಇವೆರಡರಲ್ಲಿ ಯಾವುದು ದೊಡ್ಡದೈತಿ ಅಂತ ಕೇಳಿದರೆ ಮೂವರು 2.35 ಅಂದರು. ಐದಕ್ಕಿಂತ ಮೂವತ್ತೈದು ದೊಡ್ಡದಲ್ವಾ, ತಪ್ಪು ನಾನು ಓದಿದ ರೀತಿಯಲ್ಲೇ ಇತ್ತು. ಆಮೇಲೆ "ಎರಡು ಪಾಯಿಂಟ್ ಮೂರು ಐದು" ಎಂದು ಬಿಡಿಬಿಡಿಯಾಗಿ ಓದಿ, 2.5 ಅನ್ನು 2.50 ಮಾಡಿ ತೋರಿಸಿದೆ. ಆಗ ಸರಿಹೋಯಿತು. ಆದರೆ ಅಕ್ಕಿ ಕೊಳ್ಳುವ ಲೆಕ್ಕ ಬಂದಾಗ ₹2.35 ಅನ್ನು "ಎರಡು ರೂಪಾಯಿ ಮೂವತ್ತೈದು ಪೈಸೆ" ಅನ್ನಲೇಬೇಕಲ್ಲ, ಮಕ್ಕಳು ಮತ್ತೆ ಹಳೇ ದಾರಿಗೇ ಹೋಗುತ್ತಾರೆ.

ಇನ್ನೊಂದು ತೊಡಕು: ಸ್ಥಾನಗಳ ಹೆಸರು. "ದಶಾಂಶ ಸ್ಥಾನ", "ದಶಮಾಂಶ ಸಂಖ್ಯೆ" ಬರಹದಲ್ಲಿ ಬೇರೆಬೇರೆ ಕಾಣುತ್ತವೆ, ಕಿವಿಗೆ ಮಾತ್ರ ಒಂದೇ ಥರ. "ಹತ್ತರಲ್ಲಿ ಒಂದು ಭಾಗ" ಅಂದರೆ ಮಕ್ಕಳಿಗೆ ತಿಳಿಯುತ್ತದೆ, ಆದರೆ ಪರೀಕ್ಷೆಯಲ್ಲಿ ಪುಸ್ತಕದ ಪದವೇ ಬರುತ್ತದೆ.

ಪಾಠ ಮಾಡಿ ಅನುಭವ ಇರುವವರು ಹೇಳಿ: ದುಡ್ಡಿನ ಉದಾಹರಣೆಯನ್ನು ಬಿಡಿ ಅಂಕಿ ಓದುವುದು ರೂಢಿಯಾದ ಮೇಲೆ ತರಲಾ, ಮೊದಲೇ ತರಲಾ? "ದಶಾಂಶ" ಪದವನ್ನು ಯಾವಾಗ ಬಾಯಲ್ಲಿ ಹೇಳಲಿ?