ಅಪ್‌ಡೇಟ್: ಎಲ್ಲದಕ್ಕೂ 'ಒಪ್ಪುತ್ತೇನೆ' ಅನ್ನುವವರ ಅಂಕ

ನಾನು ಕೇಳಿದ್ದು: "ರೋಸೆನ್‌ಬರ್ಗ್ ಆತ್ಮಗೌರವ ಮಾಪಕದಲ್ಲಿ 5 ವಾಕ್ಯ ನೇರ, 5 ಉಲ್ಟಾ, ಅಂದರೆ ಒಪ್ಪಿದರೆ ಆತ್ಮಗೌರವ ಕಡಿಮೆ ಅಂತ. ಕೆಲವರು ಹತ್ತಕ್ಕೂ 'ಒಪ್ಪುತ್ತೇನೆ' ಅಂತಾರೆ. ಉಲ್ಟಾ ವಾಕ್ಯಗಳನ್ನು ತೆಗೆದುಬಿಡಲೇ?"

ತೆಗೆಯಲಿಲ್ಲ. ಲೆಕ್ಕ ಹಾಕಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಉತ್ತರಕ್ಕೆ 1ರಿಂದ 4 ಅಂಕ, 'ಒಪ್ಪುತ್ತೇನೆ' ಅಂದರೆ 3. ಹತ್ತೂ ನೇರ ವಾಕ್ಯಗಳೇ ಆಗಿದ್ದರೆ ತಲೆಯಾಡಿಸಿದವರಿಗೂ 30 ಬರುತ್ತಿತ್ತು, ಒಳ್ಳೇ ಆತ್ಮಗೌರವ ಅಂತ ಕಾಣುತ್ತಿತ್ತು. ಉಲ್ಟಾ ವಾಕ್ಯದ ಅಂಕ ತಿರುಗಿಸಿದಾಗ (5 − 3 = 2) ಮೊತ್ತ 25, ಅಂದರೆ ಸರಿಯಾಗಿ ನಡುವೆ. ಆ ವ್ಯಕ್ತಿಯ ಆತ್ಮಗೌರವ ನಿಜಕ್ಕೂ ಎಷ್ಟು ಅಂತ ಇದರಿಂದ ತಿಳಿಯಲ್ಲ. ಆದರೆ ಸುಮ್ನೆ ಏರಿದ ಅಂಕವಂತೂ ಅಲ್ಲ.

ಇನ್ನೊಂದು ಉಪಾಯ ನನಗೆ ತುಂಬಾ ಹಿಡಿಸಿತು: ತಿರುಗಿಸುವ ಮೊದಲೇ ಹತ್ತೂ ಅಂಕ ಕೂಡಿ ನೋಡುವುದು. ನೇರಕ್ಕೆಲ್ಲ 4, ಉಲ್ಟಾಕ್ಕೆಲ್ಲ 1 ಕೊಟ್ಟವರ ಮೊತ್ತ 25. ಪೂರ್ತಿ ತದ್ವಿರುದ್ಧ ಕೊಟ್ಟವರದ್ದೂ 25. ಎಲ್ಲಕ್ಕೂ ಹೂಂ ಅಂದವರದ್ದು ಮಾತ್ರ 30. ಒಪ್ಪುವ ಚಾಳಿ ಎಷ್ಟಿದೆ ಅಂತ ಹೀಗೆ ಬೇರೆಯಾಗಿ ಸಿಗುತ್ತದೆ. ಓದದೇ ಒಂದೇ ಸಾಲಿಗೆ ಗುರುತು ಹಾಕಿದವರೂ ಇಲ್ಲೇ ಸಿಕ್ಕಿಬೀಳುತ್ತಾರೆ. ಅವರನ್ನು ಬೇರೆ ಮಾಡಲು ಉತ್ತರಿಸಿದ ಸಮಯವನ್ನೂ ನೋಡಬೇಕು.

ಒಂದು ತಲೆನೋವು ಉಳಿದಿದೆ. ಯಾವ ವಾಕ್ಯಗಳ ಉತ್ತರಗಳು ಒಟ್ಟಿಗೆ ಏರಿಳಿಯುತ್ತವೆ ಅಂತ ನೋಡುವ ಫ್ಯಾಕ್ಟರ್ ಅನಾಲಿಸಿಸ್‌ನಲ್ಲಿ ನೇರ ವಾಕ್ಯಗಳು ಒಂದು ಗುಂಪು, ಉಲ್ಟಾ ವಾಕ್ಯಗಳು ಇನ್ನೊಂದು ಗುಂಪು ಆಗುತ್ತಿವೆ. ಈ ಮಾಪಕದಲ್ಲಿ ಇದು ಹಳೇ ಕಥೆ. ಎರಡು ಬೇರೆ ಗುಣಗಳು ಅಂತ ಬರೆಯುವ ಬದಲು, ಹತ್ತೂ ವಾಕ್ಯಗಳ ಮೇಲೆ ಸಮನಾದ ಭಾರವಿರುವ 'ಒಪ್ಪುವ' ಫ್ಯಾಕ್ಟರ್ ಒಂದನ್ನು ಸೇರಿಸಿ ನೋಡುತ್ತಿದ್ದೇನೆ.