ಸಹಾಯ ಬೇಕು: ನಿಫ್ಟಿ ಫ್ಯೂಚರ್ಸ್ ಹೆಡ್ಜ್‌ಗೆ ಯಾವ ಬೀಟಾ ಹಿಡಿಯಬೇಕು?

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಸುಮಾರು 40 ಲಕ್ಷದ ಷೇರುಗಳಿವೆ, ಅರ್ಧದಷ್ಟು ಮಿಡ್‌ಕ್ಯಾಪ್. ಮಗಳ ಕಾಲೇಜು ಫೀಸಿಗೆ ಇಟ್ಟ ದುಡ್ಡು. ಮೂರು ತಿಂಗಳು ಮಾರುಕಟ್ಟೆ ಬಿದ್ದರೂ ತಡೆಯಬೇಕು, ಷೇರು ಮಾರಲು ಮನಸ್ಸಿಲ್ಲ. ಹಾಗಾಗಿ ನಿಫ್ಟಿ ಫ್ಯೂಚರ್ಸ್ ಶಾರ್ಟ್ ಮಾಡಿದೆ.

ಲೆಕ್ಕ ಹೀಗಿತ್ತು. ಫ್ಯೂಚರ್ಸ್ 25,000, ಲಾಟ್ 65, ಅಂದರೆ ಒಂದು ಕಾಂಟ್ರಾಕ್ಟ್ 16.25 ಲಕ್ಷ. ಎರಡು ವರ್ಷದ ವಾರದ ಬೆಲೆಗಳಿಂದ ಬೀಟಾ 1.2 ಬಂತು. 40 ಲಕ್ಷವನ್ನು 1.2ರಿಂದ ಗುಣಿಸಿ 16.25 ಲಕ್ಷದಿಂದ ಭಾಗಿಸಿದರೆ 2.95. ಮೂರು ಲಾಟ್ ಹಾಕಿದೆ.

ಆಮೇಲೆ ಫ್ಯೂಚರ್ಸ್ 24,000ಕ್ಕೆ ಇಳಿಯಿತು. ಶಾರ್ಟ್‌ನಲ್ಲಿ 1,95,000 ಬಂತು. ಬೀಟಾ ಪ್ರಕಾರ ಷೇರುಗಳಲ್ಲಿ 1,92,000 ಹೋಗಬೇಕಿತ್ತು, ಹೋದದ್ದು 1,44,000 ಮಾತ್ರ. ಲಾಭವೇ ಆಯಿತಲ್ಲ ಅನ್ನಬೇಡಿ. ಮಾರುಕಟ್ಟೆ ಏರಿದ್ದರೆ ಇದೇ ಅಂತರ ನನಗೆ ನಷ್ಟವಾಗಿ, ಅದೂ ದಿನದಿನದ ಮಾರ್ಕ್ ಟು ಮಾರ್ಕೆಟ್‌ನಲ್ಲಿ ನಗದಾಗಿ ಕಟ್ಟಬೇಕಿತ್ತು.

ದಿನದ ಬೆಲೆಗಳಿಂದ ತೆಗೆದರೆ ಬೀಟಾ 0.9, ಎರಡೇ ಲಾಟ್ ಸಾಕು. ಆದರೆ ನನ್ನ ಕೆಲವು ಮಿಡ್‌ಕ್ಯಾಪ್‌ಗಳಲ್ಲಿ ವಹಿವಾಟು ತೀರಾ ಕಡಿಮೆ. ನಿಫ್ಟಿ ಇವತ್ತು ಬಿದ್ದರೆ ಅವು ನಾಳೆ ಬೀಳುತ್ತವೆ, ಅದಕ್ಕೇ ದಿನದ ಬೀಟಾ ಕಡಿಮೆ ತೋರುತ್ತಿದೆ ಎಂದು ನನ್ನ ಅನುಮಾನ. ಜೊತೆಗೆ ಆ ತಿಂಗಳು ಒಂದು ಷೇರು ಒಳ್ಳೆಯ ಫಲಿತಾಂಶದಿಂದ ಏರಿತ್ತು. ಆರ್-ಸ್ಕ್ವೇರ್ ಬರೀ 0.5.

ಈ ಅಂತರ ಬೀಟಾ ತಪ್ಪಿನದೋ, ಆ ಒಂದು ಷೇರಿನದೋ, ಹೇಗೆ ಬೇರ್ಪಡಿಸುತ್ತೀರಿ? ಮೂರು ಲಾಟ್ ಉಳಿಸಲೋ, ಒಂದು ಇಳಿಸಲೋ? ಹೆಡ್ಜ್ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಿ. ಎಕ್ಸ್‌ಪೈರಿಗೆ ರೋಲ್ ಮಾಡುವ ಮೊದಲು ನಿರ್ಧರಿಸಬೇಕು.