ರಂಗಪ್ಪ ತೀರ್ಪು ಬಂದ ಮೇಲೆ ಕೃಷ್ಣ ಜನಾರ್ದನ ಭಟ್ ತೀರ್ಪಿನಲ್ಲಿ ಉಳಿದಿರುವುದೇನು?

ಪ್ರಶ್ನೆ (ಕಿರಿಯ ವಕೀಲೆ, ಶಿವಮೊಗ್ಗ):
ಚೆಕ್ ಬೌನ್ಸ್ ಕೇಸು, ನಾನು ಆರೋಪಿ ಪರ. ಮೂರು ಲಕ್ಷ ಕೈಗಡ ಕೊಟ್ಟೆ ಅನ್ನುತ್ತಾರೆ ಫಿರ್ಯಾದಿ. ಅಡಿಕೆ ವ್ಯವಹಾರಕ್ಕೆ ಭದ್ರತೆಗೆಂದು ಕೊಟ್ಟ ಚೆಕ್ಕು ಅದು ಅನ್ನುತ್ತಾರೆ ನಮ್ಮವರು. ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ನೇ ಕಲಂ ಪ್ರಕಾರ ಸಾಲ ಇತ್ತೆಂದು ಊಹಿಸುವಂತಿಲ್ಲ ಅಂತ ಕೃಷ್ಣ ಜನಾರ್ದನ ಭಟ್ (2008) ತೀರ್ಪಿನ ಸಾಲು ಓದಿದೆ. ಎದುರಿನವರು ರಂಗಪ್ಪ (2010) ತೀರ್ಪು ಇಟ್ಟರು. ಆದರೆ ರಂಗಪ್ಪದಲ್ಲೇ ಭಟ್ ಪ್ರಕರಣದ ತೀರ್ಮಾನಕ್ಕೆ ಧಕ್ಕೆ ಇಲ್ಲ ಅಂತಲೂ ಇದೆ. ಜಡ್ಜ್ ಸಾಹೇಬರು ಕೇಳಿದ್ದು ಒಂದೇ: ನೀವು ಓದಿದ ಸಾಲು ಫಲಿತಾಂಶಕ್ಕೆ ಬೇಕೇಬೇಕಾದ ಕಾನೂನು ನಿಲುವು, ಅಂದರೆ ರೇಶಿಯೋನಾ, ಇಲ್ಲ ನಡುವೆ ಬಂದ ಮಾತು, ಅಂದರೆ ಆಬಿಟರ್ರಾ? ಉತ್ತರ ಹೊಳೆಯಲಿಲ್ಲ. ಸೋಮವಾರ ಲಿಖಿತ ವಾದ ಕೊಡಬೇಕು.

ಕಾನೂನು ವಿದ್ಯಾರ್ಥಿ, ಭದ್ರಾವತಿ:
ಮೇಡಂ, ಭಟ್ ತೀರ್ಪನ್ನು ರಂಗಪ್ಪ ಪೂರ್ತಿ ರದ್ದು ಮಾಡಿಲ್ಲ. ತೀರ್ಮಾನ ಸರಿ ಎಂದ ಮೇಲೆ ಸಂವಿಧಾನದ 141ನೇ ವಿಧಿ ಪ್ರಕಾರ ಅದು ಈಗಲೂ ಎಲ್ಲ ಕೋರ್ಟುಗಳನ್ನೂ ಕಟ್ಟಿಹಾಕುತ್ತದೆ. ಧೈರ್ಯವಾಗಿ ಬಳಸಿ. ಅಕಸ್ಮಾತ್ ಆ ಸಾಲು ಆಬಿಟರ್ ಆಗಿದ್ದರೆ ಮಾತ್ರ ಅದಕ್ಕೆ ಬೆಲೆ ಇಲ್ಲ, ಬಿಟ್ಟುಬಿಡಿ.

ಹಿರಿಯ ವಕೀಲರು, ಸಾಗರ:
ತೀರ್ಮಾನ ಉಳಿದಿದೆ ಅನ್ನುವುದು ನಿಜ. ಆದರೆ ತೀರ್ಮಾನ ಉಳಿದರೆ ಅದರೊಳಗಿನ ಎಲ್ಲ ಸಾಲುಗಳೂ ಉಳಿದವು ಎಂದಾಗುವುದಿಲ್ಲ. ಕೆಳಗಿನ ಕೋರ್ಟನ್ನು ಕಟ್ಟಿಹಾಕುವುದು ಫಲಿತಾಂಶವಲ್ಲ. ಆ ಫಲಿತಾಂಶಕ್ಕೆ ಬರಲು ಯಾವ ಕಾನೂನು ನಿಲುವು ಇಲ್ಲದೆ ಆಗುತ್ತಿರಲಿಲ್ಲವೋ ಆ ನಿಲುವು. 1968ರ ಸುಧಾಂಶು ಶೇಖರ್ ಮಿಶ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ತೀರ್ಪು ನಿಜವಾಗಿ ಏನನ್ನು ತೀರ್ಮಾನಿಸಿತೋ ಅದಕ್ಕಷ್ಟೇ ಅದು ಆಧಾರ, ನಡುವೆ ಬಂದ ಪ್ರತಿ ಮಾತಿಗೂ ಅಲ್ಲ.

ನಿಮ್ಮ ಸಾಲನ್ನು ಹೀಗೆ ಪರೀಕ್ಷಿಸಿ. ಅದನ್ನು ಉಲ್ಟಾ ಮಾಡಿ ತೀರ್ಪಿನೊಳಗೆ ಇಟ್ಟು ನೋಡಿ. ಫಲಿತಾಂಶ ಬದಲಾಗಬೇಕಾಗಿ ಬಂದರೆ ಅದು ರೇಶಿಯೋ, ಹಾಗೇ ನಿಂತರೆ ಆಬಿಟರ್. ಅಮೆರಿಕದ ವಾಂಬಾ ಎಂಬ ಕಾನೂನು ಪ್ರಾಧ್ಯಾಪಕರ ಹೆಸರಿನಲ್ಲಿರುವ ಪರೀಕ್ಷೆ ಇದು. 2018ರಲ್ಲಿ ಗುಜರಾತ್ ವಿದ್ಯುತ್ ಆಯೋಗದ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟೂ ಇದನ್ನು ಬಳಸಿದೆ.

ಈಗ ಭಟ್ ಪ್ರಕರಣಕ್ಕೆ ಬನ್ನಿ. ಒಂದೂವರೆ ಲಕ್ಷ ಸಾಲ ಕೊಟ್ಟೆ ಎಂದು ಫಿರ್ಯಾದಿ ಹೇಳಿದ್ದರು. ಸಹಿ ಮಾಡಿದ ಚೆಕ್ಕುಗಳು ತನ್ನ ವ್ಯವಹಾರ ನೋಡುತ್ತಿದ್ದ ಮುಖ್ತಿಯಾರನ ಕೈಯಲ್ಲಿದ್ದವು, ಸಾಲ ಪಡೆದೇ ಇಲ್ಲ ಎಂಬುದು ಆರೋಪಿಯ ವಾದ. ಇಬ್ಬರು ನ್ಯಾಯಮೂರ್ತಿಗಳ ಪೀಠ ಸಾಕ್ಷ್ಯ ನೋಡಿ ಆರೋಪಿಯ ವಾದ ನಂಬುವಂತಿದೆ ಎಂದಿತು, ಬಿಡುಗಡೆ ಮಾಡಿತು. ಆ ದಾರಿಯಲ್ಲಿ, 139ನೇ ಕಲಮಿನ ಪ್ರಿಸಂಪ್ಷನ್, ಅಂದರೆ ಕಾನೂನು ಮೊದಲೇ ಮಾಡಿಕೊಳ್ಳುವ ಊಹೆ, ಚೆಕ್ಕು ಸಾಲ ತೀರಿಸಲು ಬಂದದ್ದು ಎನ್ನುವವರೆಗೆ ಮಾತ್ರ, ವಸೂಲಿಗೆ ಅರ್ಹವಾದ ಸಾಲ ಇತ್ತೆನ್ನುವುದು ಅದರಲ್ಲಿ ಸೇರುವುದಿಲ್ಲ ಎಂದೂ ಬರೆಯಿತು.

ಉಲ್ಟಾ ಮಾಡಿ. ಸಾಲ ಇತ್ತೆಂದೂ ಕಾನೂನು ಮೊದಲೇ ನಂಬುತ್ತದೆ ಅಂತಿಟ್ಟುಕೊಳ್ಳಿ. ಆರೋಪಿ ಆ ನಂಬಿಕೆಯನ್ನೂ ಅದೇ ಸಾಕ್ಷ್ಯದಿಂದ ಅಲುಗಾಡಿಸಿಯೇ ಇದ್ದರು. ಬಿಡುಗಡೆ ಹಾಗೇ ನಿಲ್ಲುತ್ತದೆ. ಅಂದರೆ ನೀವು ಓದಿದ ಸಾಲು ಫಲಿತಾಂಶಕ್ಕೆ ಬೇಕಿರಲಿಲ್ಲ. ರಂಗಪ್ಪದಲ್ಲಿ ಮೂವರು ನ್ಯಾಯಮೂರ್ತಿಗಳು ಮಾಡಿದ್ದೂ ಇದನ್ನೇ: ಭಟ್ ತೀರ್ಪಿನ ಆ ಅಭಿಪ್ರಾಯ ಸರಿಯಿರಲಾರದು, ಆದರೆ ಆ ಪ್ರಕರಣದ ಸಂಗತಿಗಳ ಮೇಲೆ ನಿಂತ ತೀರ್ಮಾನಕ್ಕೆ ಧಕ್ಕೆ ಇಲ್ಲ ಎಂದರು. ನಿಮಗೆ ವಿರೋಧ ಅನ್ನಿಸಿದ ಎರಡು ಮಾತೂ ಒಂದೇ ವಾದದ ಎರಡು ತುದಿ.

ಇದೇ ಪರೀಕ್ಷೆಯನ್ನು ರಂಗಪ್ಪಕ್ಕೆ ಹಚ್ಚಿ. 45,000 ರೂಪಾಯಿಯ ಚೆಕ್ಕು. ಆರೋಪಿ ಚೆಕ್ಕು ಕಳೆದುಹೋಗಿತ್ತು ಎಂದರು, ಬ್ಯಾಂಕಿಗೆ ಪಾವತಿ ತಡೆಯಲು ಹೇಳಿದ್ದರು, ಲೀಗಲ್ ನೋಟೀಸಿಗೆ ಉತ್ತರ ಕೊಡಲಿಲ್ಲ. ವಿಚಾರಣಾ ಕೋರ್ಟು ಬಿಟ್ಟಿತ್ತು, ಹೈಕೋರ್ಟ್ ಶಿಕ್ಷಿಸಿತು, ಸುಪ್ರೀಂ ಕೋರ್ಟ್ ಶಿಕ್ಷೆ ಎತ್ತಿಹಿಡಿಯಿತು. ಇಲ್ಲಿ ಪ್ರಿಸಂಪ್ಷನ್ನಿನಲ್ಲಿ ಸಾಲ ಸೇರಿಲ್ಲ ಎಂದು ಉಲ್ಟಾ ಮಾಡಿದರೆ, ಸಾಲ ಕೊಟ್ಟದ್ದನ್ನು ಫಿರ್ಯಾದಿಯೇ ಮೊದಲಿಂದ ಸಾಬೀತು ಮಾಡಬೇಕಾಗುತ್ತದೆ, ಶಿಕ್ಷೆ ನಿಂತ ನೆಲವೇ ಕುಸಿಯುತ್ತದೆ. ಹಾಗಾಗಿ ಅದು ರೇಶಿಯೋ. ಪೀಠವೂ ದೊಡ್ಡದು. ಭಟ್‌ನ ಸಾಲು ರೇಶಿಯೋ ಆಗಿದ್ದರೂ ಮೂವರ ಪೀಠದ ಮುಂದೆ ನಿಲ್ಲುತ್ತಿರಲಿಲ್ಲ.

ವಿದ್ಯಾರ್ಥಿ ಮಿತ್ರರಿಗೆ: ಸುಪ್ರೀಂ ಕೋರ್ಟಿನ ಆಬಿಟರ್ ಎಂದರೆ ಬೆಲೆಯಿಲ್ಲದ್ದು ಅಂತ ತಿಳಿಯಬೇಡಿ. ಮೀನಾ ವರಿಯಾಲ್ (2007) ಪ್ರಕರಣದಲ್ಲಿ, ಆ ಪ್ರಶ್ನೆಗೆ ಸುಪ್ರೀಂ ಕೋರ್ಟೇ ಬೇರೆಡೆ ನೇರ ಉತ್ತರ ಕೊಟ್ಟಿರದಿದ್ದರೆ ಅದರ ಆಬಿಟರ್ ಹೈಕೋರ್ಟುಗಳನ್ನು ಕಟ್ಟಿಹಾಕಬಹುದು ಎಂದಿದೆ. ಭಟ್‌ನ ಸಾಲಿಗೆ ಆ ಆಸರೆಯೂ ಇಲ್ಲ, ನೇರ ಉತ್ತರ ರಂಗಪ್ಪದಲ್ಲಿದೆ.

ಅಡಿಕೆ ಬೆಳೆಗಾರ, ತೀರ್ಥಹಳ್ಳಿ:
ವಕೀಲ್ರೇ, ಹಾಗಾದ್ರೆ ಭದ್ರತೆಗೆ ಚೆಕ್ ಕೊಟ್ಟವರ ಕಥೆ ಮುಗೀತು ಅಂತಲಾ? ಮುಂಗಡ ತಗೊಂಡಾಗ ನಾನೂ ಒಬ್ಬ ವ್ಯಾಪಾರಿಗೆ ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಿದ್ದೆ. ಲೆಕ್ಕ ಚುಕ್ತಾ ಆಗಿದೆ, ಚೆಕ್ ಮಾತ್ರ ವಾಪಸ್ ಬಂದಿಲ್ಲ.

ಹಿರಿಯ ವಕೀಲರು, ಸಾಗರ:
ಇಲ್ಲಿನ ಪ್ರಶ್ನೆ ಬೇರೆ, ಆದರೂ ಹೇಳುತ್ತೇನೆ. ಕಥೆ ಮುಗಿದಿಲ್ಲ. ಸಹಿ ನಿಮ್ಮದಾದರೆ ಖಾಲಿ ಚೆಕ್ಕಿಗೂ ಪ್ರಿಸಂಪ್ಷನ್ ಅನ್ವಯಿಸುತ್ತದೆ, 2019ರ ಬೀರ್ ಸಿಂಗ್ ತೀರ್ಪಿನಲ್ಲಿ ಹಾಗಿದೆ. ಆದರೆ ಅದನ್ನು ಅಲುಗಾಡಿಸಬಹುದು. ಚುಕ್ತಾ ಆದ ಚೀಟಿ, ಮಂಡಿ ಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಒಂದೇ ಕಡೆ ಇಟ್ಟುಕೊಳ್ಳಿ. ಚೆಕ್ಕು ವಾಪಸ್ ಕೇಳಿ ಇವತ್ತೇ ರಿಜಿಸ್ಟರ್ಡ್ ಪತ್ರ ಹಾಕಿ. ಮುಂದೆ ನೋಟೀಸು ಬಂದರೆ ಉತ್ತರ ಕೊಡದೆ ಇರಬೇಡಿ.

ಪ್ರಶ್ನೆ ಕೇಳಿದ ವಕೀಲೆ:
ನಮ್ಮ ಕಕ್ಷಿದಾರರು ನೋಟೀಸಿಗೆ ಉತ್ತರ ಕೊಟ್ಟಿಲ್ಲ ಸರ್. ಫಿರ್ಯಾದಿಗೆ ಮೂರು ಲಕ್ಷ ಕೊಡುವ ಶಕ್ತಿಯೇ ಇರಲಿಲ್ಲ ಎಂದು ಪಾಟಿ ಸವಾಲಿನಲ್ಲಿ ಕೇಳಿದ್ದೇನೆ. ಹಣ ಎಲ್ಲಿಂದ ಬಂತು ಎಂಬುದಕ್ಕೆ ಅವರು ಯಾವ ದಾಖಲೆಯನ್ನೂ ಹಾಜರುಪಡಿಸಿಲ್ಲ.

ಹಿರಿಯ ವಕೀಲರು, ಸಾಗರ:
ಹಾಗಿದ್ದರೆ ಭಟ್ ಬಿಡಿ, ಬಸಲಿಂಗಪ್ಪ ವಿರುದ್ಧ ಮುದಿಬಸಪ್ಪ (2019) ಹಿಡಿಯಿರಿ. ಅಲ್ಲಿ ಆರು ಲಕ್ಷದ ಚೆಕ್ಕು. ಫಿರ್ಯಾದಿ 1997ರಲ್ಲಿ ನಿವೃತ್ತರಾಗಿ ಎಂಟು ಲಕ್ಷ ಪಡೆದಿದ್ದರು. ಆದರೆ ಈ ಸಾಲಕ್ಕೆ ಸ್ವಲ್ಪ ಮೊದಲು, 2010ರಲ್ಲಿ, ಇನ್ನೊಬ್ಬರಿಗೆ ನಾಲ್ಕೂವರೆ ಲಕ್ಷ ಕೊಟ್ಟಿದ್ದರೆಂಬುದು ದಾಖಲೆಯಲ್ಲಿ ಬಂತು. ಶಕ್ತಿಯನ್ನು ಪ್ರಶ್ನಿಸಿದಾಗ ಅವರು ವಿವರಿಸಲಿಲ್ಲ. ಸುಪ್ರೀಂ ಕೋರ್ಟ್ ರಂಗಪ್ಪವನ್ನು ಒಪ್ಪಿಕೊಂಡೇ ಪ್ರಿಸಂಪ್ಷನ್ ಅಲುಗಾಡಿದೆ ಎಂದಿತು, ವಿಚಾರಣಾ ಕೋರ್ಟಿನ ಬಿಡುಗಡೆಯನ್ನು ಮರಳಿ ನಿಲ್ಲಿಸಿತು.

ಈ ತೀರ್ಪನ್ನೂ ಹಿಗ್ಗಿಸಬೇಡಿ. ಫಿರ್ಯಾದಿ ಪ್ರತಿ ಕೇಸಿನಲ್ಲೂ ಶಕ್ತಿ ಸಾಬೀತು ಮಾಡಲೇಬೇಕು ಅಂತ ಓದಿದರೆ ಎದುರಿನವರು ತೇಧಿ ಸಿಂಗ್ (2022) ತೆಗೆಯುತ್ತಾರೆ. ನೋಟೀಸಿನ ಉತ್ತರದಲ್ಲಿ ಆರೋಪಿ ಶಕ್ತಿಯ ಪ್ರಶ್ನೆ ಎತ್ತಿರದಿದ್ದರೆ ಫಿರ್ಯಾದಿ ಆರಂಭದಲ್ಲೇ ಅದನ್ನು ತೋರಿಸಬೇಕಿಲ್ಲ ಎಂದು ಅದರಲ್ಲಿದೆ. ಪಾಟಿ ಸವಾಲಿನ ಮೂಲಕ ಅಥವಾ ಸ್ವಂತ ಸಾಕ್ಷ್ಯದಿಂದ ಆರೋಪಿ ಅದನ್ನು ತೋರಿಸಬಹುದು ಎಂದೂ ಇದೆ. ನಿಮ್ಮ ಜಾಗ ಇರುವುದು ಆ ಎರಡನೇ ಮಾತಿನಲ್ಲಿ.

ಲಿಖಿತ ವಾದದಲ್ಲಿ ತೀರ್ಪಿನ ಸಾಲು ಅಂಟಿಸುವ ಮೊದಲು ಮೂರು ವಾಕ್ಯ ಬರೆಯಿರಿ: ಆ ಪ್ರಕರಣದ ಯಾವ ಸಂಗತಿಗಳು ತೂಗಿದವು, ಪೀಠದ ಮುಂದಿದ್ದ ಪ್ರಶ್ನೆ ಏನು, ಉತ್ತರ ಏನು. ಆಮೇಲೆ ನಿಮ್ಮ ಪಾಟಿ ಸವಾಲಿನ ಪುಟ ತೋರಿಸಿ ಸಂಗತಿಗಳು ಎಲ್ಲಿ ಹೊಂದುತ್ತವೆ ಎಂದು ಹೇಳಿ. ತೀರ್ಪಿನ ತಲೆಯಲ್ಲಿರುವ ಹೆಡ್‌ನೋಟ್ ಸಾರಾಂಶ ನಂಬಬೇಡಿ, ಅದು ಲಾ ರಿಪೋರ್ಟಿನವರು ಬರೆದದ್ದು, ನ್ಯಾಯಮೂರ್ತಿಗಳಲ್ಲ. ಅದಕ್ಕಿಂತ ಹೆಚ್ಚಾಗಿ ನಡೆಯುವ ಎಡವಟ್ಟು ಇನ್ನೊಂದಿದೆ: ಒಳ್ಳೆಯ ಪ್ಯಾರಾ ಸಿಕ್ಕಿತೆಂದು ಉಲ್ಲೇಖಿಸುತ್ತಾರೆ, ಎರಡು ಪ್ಯಾರಾ ಮೇಲೆ ನೋಡಿದರೆ ಅದು ವಕೀಲರೊಬ್ಬರ ವಾದದ ಸಾರಾಂಶ. ಪೀಠ ಮುಂದಿನ ಪುಟದಲ್ಲಿ ಅದನ್ನು ತಳ್ಳಿಹಾಕಿರುತ್ತದೆ.

ನಿವೃತ್ತ ನ್ಯಾಯಾಂಗ ಇಲಾಖೆ ನೌಕರರು, ಹೊಸನಗರ:
ಭಟ್ ತೀರ್ಪಿನಲ್ಲಿ ಇನ್ನೊಂದು ಮಾತಿದೆ. 20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲ ನಗದಾಗಿ ಪಡೆಯಬಾರದು ಎನ್ನುವ 1961ರ ಆದಾಯ ತೆರಿಗೆ ಕಾಯ್ದೆಯ 269ಎಸ್‌ಎಸ್ ಕಲಂ. ಮೂರು ಲಕ್ಷ ನಗದು ಅಂದರೆ ಸಾಲವೇ ಅಕ್ರಮ, ಕೇಸು ಅಲ್ಲಿಗೇ ಬಿತ್ತು.

ಹಿರಿಯ ವಕೀಲರು, ಸಾಗರ:
ಆ ಮಾತು ಅಲ್ಲಿದೆ. ಆದರೆ ಫಿರ್ಯಾದಿಯ ಕಥೆಯನ್ನು ಅನುಮಾನಿಸಲು ಇದ್ದ ಹಲವು ಕಾರಣಗಳಲ್ಲಿ ಅದೊಂದು. ಆ ಕಲಂ ಮೀರಿದರೆ 271ಡಿ ಅಡಿ ದಂಡ ಬೀಳುತ್ತದೆ, ಸಾಲ ಇಲ್ಲವಾಗುವುದಿಲ್ಲ. 2025ರ ಸಂಜಬಿಜ್ ತಾರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ನಗದು ಎನ್ನುವುದನ್ನು ಶಕ್ತಿಯ ಪ್ರಶ್ನೆಯ ಜೊತೆ ಸೇರಿಸಿ ಅನುಮಾನಕ್ಕೆ ಬಳಸಿ, ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಕಾನೂನು ಉಪನ್ಯಾಸಕಿ, ಶಿವಮೊಗ್ಗ:
ಉಲ್ಟಾ ಪರೀಕ್ಷೆಗೆ ಒಂದು ಮಿತಿ ಇದೆ, ಇಲ್ಲಿ ಹೇಳಲೇಬೇಕು. ಕೋರ್ಟು ಎರಡು ಸ್ವತಂತ್ರ ಕಾರಣ ಕೊಟ್ಟು ಅಪೀಲು ವಜಾ ಮಾಡಿತು ಅಂತಿಟ್ಟುಕೊಳ್ಳಿ: ಅವಧಿ ಮೀರಿದೆ, ಹುರುಳೂ ಇಲ್ಲ. ಒಂದನ್ನು ಉಲ್ಟಾ ಮಾಡಿದರೆ ಇನ್ನೊಂದು ಫಲಿತಾಂಶವನ್ನು ಹಿಡಿದು ನಿಲ್ಲಿಸುತ್ತದೆ. ಪರೀಕ್ಷೆ ಎರಡನ್ನೂ ಆಬಿಟರ್ ಎಂದುಬಿಡುತ್ತದೆ, ಆದರೆ ಎರಡೂ ರೇಶಿಯೋ ಎಂದೇ ಹಿಡಿಯಬೇಕು. ಭಟ್‌ನ ಸಾಲನ್ನೂ ಹಾಗೆ ಸ್ವತಂತ್ರ ಕಾರಣ ಎಂದು 2010ಕ್ಕೆ ಮುಂಚೆ ಯಾರಾದರೂ ವಾದಿಸಿದ್ದರೆ ನಾನು ತಪ್ಪು ಎನ್ನುತ್ತಿರಲಿಲ್ಲ. ಅದನ್ನು ಬಗೆಹರಿಸಿದ್ದು ಪರೀಕ್ಷೆಯಲ್ಲ, ರಂಗಪ್ಪದ ಪೀಠ.

ಹಿರಿಯ ವಕೀಲರು, ಸಾಗರ:
ಒಪ್ಪುತ್ತೇನೆ, ಅರ್ಧ. ಭಟ್‌ನಲ್ಲಿ ಸಾಕ್ಷ್ಯದ ಚರ್ಚೆ ತೆಗೆದುಹಾಕಿ ಆ ಸಾಲೊಂದನ್ನೇ ಇಟ್ಟರೆ ಬಿಡುಗಡೆ ನಿಲ್ಲುತ್ತದೆಯೇ ಎಂಬುದರಲ್ಲಿ ನನಗೆ ಅನುಮಾನ ಇದೆ. ಹಾಗಾಗಿ ಸ್ವತಂತ್ರ ಕಾರಣ ಎನ್ನಲು ನಾನು ತಯಾರಿಲ್ಲ.

ಕಾನೂನು ಉಪನ್ಯಾಸಕಿ, ಶಿವಮೊಗ್ಗ:
ಹಾಗಾದರೆ ರಂಗಪ್ಪದಲ್ಲಿ ಚೆಕ್ ಬೌನ್ಸ್ ಬಹುಪಾಲು ಸಿವಿಲ್ ಸ್ವರೂಪದ ತಪ್ಪು ಎಂದ ಮಾತು ಏನು? ಆರೋಪಿ ನಂಬುವಂಥ ವಾದ ತೋರಿಸಿದರೆ ಸಾಕು, ಪೂರ್ತಿ ಸಾಬೀತು ಬೇಡ ಎನ್ನುವುದಕ್ಕೆ ಅದೇ ಆಧಾರ. ನಾನದನ್ನು ರೇಶಿಯೋದ ಭಾಗ ಎನ್ನುತ್ತೇನೆ.

ಹಿರಿಯ ವಕೀಲರು, ಸಾಗರ:
ನಾನು ಹಾಗೆ ಓದುವುದಿಲ್ಲ. ರಂಗಪ್ಪದಲ್ಲಿ ಆರೋಪಿ ಆ ಕಡಿಮೆ ಮಟ್ಟವನ್ನೂ ಮುಟ್ಟಲಿಲ್ಲ. ಆ ಮಾತು ಇಲ್ಲದಿದ್ದರೂ ಶಿಕ್ಷೆಯೇ ಆಗುತ್ತಿತ್ತು.

ಪ್ರಶ್ನೆ ಕೇಳಿದ ವಕೀಲೆ:
ಭಟ್ ಕೈಬಿಡುತ್ತೇನೆ ಸರ್. ಬಸಲಿಂಗಪ್ಪ ಮೊದಲು, ತೇಧಿ ಸಿಂಗ್‌ನ ಎರಡೂ ಭಾಗ ನಾನೇ ಮುಂದಿಡುತ್ತೇನೆ. ಕೊನೆಯ ಆ ವಿಷಯದಲ್ಲಿ ಹೈಕೋರ್ಟಿನ ಯಾವುದಾದರೂ ತೀರ್ಪು ಯಾರಿಗಾದರೂ ಗೊತ್ತಿದ್ದರೆ ಪ್ಯಾರಾ ನಂಬರ್ ಸಮೇತ ಹಾಕಿ.